ಸ್ವತಃ ಪಡೆದಿದ್ದಾರೆ

ಗುರುವಾರ ಬೆಳಿಗ್ಗೆ ಯಶ್ಮಿತಾ ಕಂಪ್ಯೂಟರ್ ತೆರೆದಾಗ ಹದಿನಾಲ್ಕು ದೂರುಗಳು ಕಾದಿದ್ದವು. ಹದಿಮೂರು ಇಂಗ್ಲಿಷಿನಲ್ಲಿ, ಅರ್ಧ ಸಿಟ್ಟಿನಲ್ಲಿ, ಅರ್ಧ ಅವಸರದಲ್ಲಿ ಬರೆದವು. ಹದಿನಾಲ್ಕನೆಯದು ಕನ್ನಡದಲ್ಲಿತ್ತು. ಅದನ್ನು ಬರೆದವರಿಗೆ ಅವಸರವೂ ಇದ್ದಂತಿರಲಿಲ್ಲ, ಸಿಟ್ಟೂ ಇದ್ದಂತಿರಲಿಲ್ಲ.

'ಮಾನ್ಯರೇ, ಇದೇ ತಿಂಗಳ ಎರಡರಂದು ನಿಮ್ಮ ಅಂಗಡಿಯಿಂದ ಒಂದು ಕೈಮಗ್ಗದ ಸೀರೆಗೆ ಪೂರ್ತಿ ಹಣ ಕಟ್ಟಿ ಬೇಡಿಕೆ ಸಲ್ಲಿಸಿದ್ದೆ. ಒಂಬತ್ತರಂದು ಮಧ್ಯಾಹ್ನ ಎರಡೂ ಹತ್ತಕ್ಕೆ, ಪಾರ್ಸೆಲನ್ನು ನಾನು ಸ್ವತಃ ಪಡೆದಿದ್ದೇನೆ ಎಂಬ ಸಂದೇಶ ನನ್ನ ಮೊಬೈಲಿಗೆ ಬಂತು. ಆ ಹೊತ್ತಿನಲ್ಲಿ ನಾನು ಮನೆಯ ಜಗಲಿಯಲ್ಲೇ ಕುಳಿತಿದ್ದೆ. ಯಾರೂ ಬರಲಿಲ್ಲ, ಕರೆಯೂ ಬರಲಿಲ್ಲ. ತಪ್ಪು ಎಲ್ಲಿ ಆಗಿದೆ ಎಂದು ನನಗೆ ತಿಳಿಯದು, ಯಾರ ಮೇಲೂ ಆರೋಪ ಹೊರಿಸುವುದಿಲ್ಲ. ಆದರೆ ಪಡೆಯದ ವಸ್ತುವನ್ನು ಪಡೆದೆ ಎಂದು ಒಪ್ಪಲು ನನ್ನಿಂದ ಸಾಧ್ಯವಿಲ್ಲ. ವಸ್ತುವನ್ನಾಗಲಿ ಹಣವನ್ನಾಗಲಿ ತಲುಪಿಸಬೇಕಾಗಿ ಕೋರುತ್ತೇನೆ. ನಿಯಮದಂತೆ ನಲವತ್ತೆಂಟು ಗಂಟೆಯೊಳಗೆ ದೂರು ತಲುಪಿದ್ದಕ್ಕೆ ಉತ್ತರವನ್ನೂ, ಒಂದು ತಿಂಗಳೊಳಗೆ ಪರಿಹಾರವನ್ನೂ ನಿರೀಕ್ಷಿಸುತ್ತೇನೆ.'

ಕೆಳಗೆ ಹೆಸರು, ವಿಳಾಸ. ಉಮಾವತಿ, ಕೀರ್ತಿಶೇಷ ಸರ್ವೋತ್ತಮ ಶೆಟ್ಟರ ಪತ್ನಿ, ಸಾನ್ನಿಧ್ಯ, ಉರ್ವ.

ಯಶ್ಮಿತಾ ಆ ಹೆಸರನ್ನು ಎರಡನೇ ಸಲ ಓದಲಿಲ್ಲ. ಒಮ್ಮೆ ಓದಿದ್ದೇ ಸಾಕಾಯಿತು. ಎದ್ದು ಹೋಗಿ ನೀರು ಕುಡಿದು, ಮತ್ತೆ ಬಂದು ಕುಳಿತಳು.

'ನೂಲುಮನೆ' ಎಂಬ ಆ ಆನ್‌ಲೈನ್ ಅಂಗಡಿಯ ಕಚೇರಿ ಕದ್ರಿಯಲ್ಲಿ, ಒಂದು ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿತ್ತು. ಯಜಮಾನ ಶೋಭಿತ್. ಕೆಲಸಕ್ಕೆ ಆರು ಜನ. ಗ್ರಾಹಕರ ದೂರುಗಳಿಗೆ ಜವಾಬ್ದಾರ ಅಧಿಕಾರಿ ಎಂದು ವೆಬ್‌ಸೈಟಿನಲ್ಲಿ ಶೋಭಿತನ ಹೆಸರೇ ಇದ್ದರೂ ದೂರು ಓದುವುದು, ಕೊರಿಯರಿನವರನ್ನು ವಿಚಾರಿಸುವುದು, ಉತ್ತರ ಬರೆಯುವುದು ಎಲ್ಲ ಯಶ್ಮಿತಾಳ ಕೆಲಸ. ಉತ್ತರದ ಕೆಳಗೆ ಅವಳ ಹೆಸರು ಬರುತ್ತಿರಲಿಲ್ಲ. 'ಗ್ರಾಹಕ ಸೇವಾ ವಿಭಾಗ' ಎಂದಷ್ಟೇ ಇರುತ್ತಿತ್ತು. ಮೂರು ವರ್ಷಗಳಲ್ಲಿ ಒಂದು ದೂರನ್ನೂ ಅವಳು ಬಾಕಿ ಇಟ್ಟವಳಲ್ಲ.

ಇಪ್ಪತ್ತೊಂದು ವರ್ಷಗಳ ಹಿಂದೆ ಅವಳ ತಾಯಿ ಕುಶಲಾ ಉರ್ವದ ಆ ಸಾನ್ನಿಧ್ಯ ಎಂಬ ಮನೆಯಲ್ಲಿ ಕೆಲಸಕ್ಕಿದ್ದಳು. ಮನೆಯಿದ್ದ ಕೂಳೂರಿನಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಸಂಜೆ ಐದಕ್ಕೆ ಮರಳುತ್ತಿದ್ದಳು. ಶಾಲೆಗೆ ರಜೆಯಿದ್ದ ದಿನ ಮಕ್ಕಳನ್ನೂ ಕರೆದೊಯ್ಯುತ್ತಿದ್ದಳು. ಶೆಟ್ಟರಿಗೆ ಎರಡು ಹೋಟೆಲುಗಳಿದ್ದವು, ಮನೆಗೆ ನೆಂಟರಿಷ್ಟರು ಬರುವುದು ಹೋಗುವುದು ಇದ್ದೇ ಇತ್ತು. ಒಂದು ದಿನ ದೇವರ ಕೋಣೆಯಿಂದ ಬೆಳ್ಳಿಯ ಕುಂಕುಮ ಭರಣಿ ಕಾಣೆಯಾಯಿತು. ಉಮಾವತಿ ಬೈಯಲಿಲ್ಲ. ದನಿಯನ್ನೂ ಏರಿಸಲಿಲ್ಲ. ಅದೇ ಸಂಜೆ ಕಾರಿನಲ್ಲಿ ಕೂಳೂರಿಗೆ ಬಂದು, ಅಂಗಳದಲ್ಲಿ ನಿಂತು, ಮನೆಯಲ್ಲೊಮ್ಮೆ ಸರಿಯಾಗಿ ಹುಡುಕು ಕುಶಲಾ, ಮಕ್ಕಳನ್ನೂ ಕೇಳಿ ನೋಡು, ಆಟಕ್ಕೆಂದು ತಂದಿರಬಹುದು ಎಂದಿದ್ದಳು. ಹತ್ತು ವರ್ಷದ ಯಶ್ಮಿತಾ ಒಳಗಿನಿಂದ ಕಬ್ಬಿಣದ ಟ್ರಂಕನ್ನು ಎಳೆದು ತಂದು, ಅಂಗಳದಲ್ಲಿ ಅದರ ಮುಚ್ಚಳ ತೆರೆದು, ಒಂದೊಂದೇ ಬಟ್ಟೆ ತೆಗೆದು ತೋರಿಸಿದ್ದಳು. ಅಮ್ಮನ ಒಳಲಂಗ, ತಮ್ಮನ ಹರಿದ ಚಡ್ಡಿ, ತೀರಿಹೋದ ಅಪ್ಪನ ಒಂದು ಅಂಗಿ. ಬೇಲಿಯ ಆಚೆ ನೆರೆಕರೆಯವರೆಲ್ಲ ನಿಂತು ನೋಡುತ್ತಿದ್ದರು. ಏನೂ ಸಿಗಲಿಲ್ಲ. ಹೋಗುವ ಮೊದಲು ಉಮಾವತಿ ಹೇಳಿದ ಮಾತು ಯಶ್ಮಿತಾಗೆ ಈಗಲೂ ಅಕ್ಷರ ತಪ್ಪದೆ ನೆನಪಿತ್ತು.

"ನಾನು ಪೊಲೀಸರಿಗೆಲ್ಲ ಹೇಳುವುದಿಲ್ಲ ಕುಶಲಾ. ನೀನು ನಾಳೆಯಿಂದ ಬರುವುದು ಬೇಡ, ಅಷ್ಟೆ."

ಆಮೇಲೆ ಕುಶಲಾಳನ್ನು ಯಾವ ಮನೆಯವರೂ ಒಳಗೆ ಸೇರಿಸಲಿಲ್ಲ. ಉರ್ವದಲ್ಲಾಗಲಿ ಅಶೋಕನಗರದಲ್ಲಾಗಲಿ ಕೆಲಸ ಕೇಳಿಕೊಂಡು ಹೋದರೆ, ಓ ಶೆಟ್ಟರ ಮನೆಯಲ್ಲಿದ್ದವಳಾ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಅವಳು ಮನೆಯಲ್ಲಿ ಕುಳಿತು ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸಿದಳು. ಎಲೆ ಕತ್ತರಿಸಿ ಕತ್ತರಿಸಿ ಅವಳ ಬೆರಳುಗಳು ಈಗ ಪೂರ್ತಿ ಮಡಚುವುದಿಲ್ಲ.

ಯಶ್ಮಿತಾ ಕೊರಿಯರ್ ಕಂಪನಿಯ ಪುಟ ತೆರೆದು ಪಾರ್ಸೆಲಿನ ಸಂಖ್ಯೆ ಹಾಕಿದಳು. 'ತಲುಪಿಸಲಾಗಿದೆ. ಸ್ವತಃ ಪಡೆದಿದ್ದಾರೆ.' ಕೆಳಗೆ, ತಲುಪಿಸಿದ್ದಕ್ಕೆ ಸಾಕ್ಷಿಯಾಗಿ ಒಂದು ಫೋಟೋ. ಗೆರೆ ಎಳೆದಂಥ ಒಂದು ಸಹಿ. ಫೋಟೋ ತೆಗೆದ ಜಾಗದ ಗುರುತು.

ಫೋಟೋದಲ್ಲಿ ನೂಲುಮನೆಯ ಕಂದು ಪೊಟ್ಟಣ ಸಿಮೆಂಟು ನೆಲದ ಮೇಲಿತ್ತು. ನೆಲಕ್ಕೆ ಹಳದಿ ಪಟ್ಟಿ ಬಳಿದಿದ್ದರು. ಮೂಲೆಯಲ್ಲಿ ಬೇರೆ ನಾಲ್ಕಾರು ಪೊಟ್ಟಣಗಳ ಅಂಚು ಕಾಣುತ್ತಿತ್ತು. ಜಾಗದ ಗುರುತು ಒತ್ತಿದರೆ ನಕ್ಷೆಯಲ್ಲಿ ತೋರಿದ್ದು ಉರ್ವವಲ್ಲ, ಹೆದ್ದಾರಿ ಬದಿಯಲ್ಲಿದ್ದ ಕೊರಿಯರಿನವರದೇ ಗೋದಾಮು. ಇಂಥದ್ದನ್ನು ಅವಳು ಮೊದಲೂ ಕಂಡಿದ್ದಳು. ದಿನದ ಲೆಕ್ಕದಲ್ಲಿ ಬಾಕಿ ಕಾಣಬಾರದೆಂದು ಗೋದಾಮಿನಲ್ಲೇ 'ತಲುಪಿದೆ' ಎಂದು ಒತ್ತಿಬಿಡುತ್ತಾರೆ, ನಾಳೆ ಕೊಟ್ಟರಾಯಿತು ಎಂದುಕೊಳ್ಳುತ್ತಾರೆ. ನಾಳೆಗೆ ಪೊಟ್ಟಣ ಇರುವುದಿಲ್ಲ.

ಅಂದರೆ ಉಮಾವತಿ ಬರೆದ ಪ್ರತಿ ಅಕ್ಷರವೂ ನಿಜ. ಪಾರ್ಸೆಲು ಗೋದಾಮಿನ ಬಾಗಿಲೇ ದಾಟಿರಲಿಲ್ಲ.

ಕೊರಿಯರಿನವರೊಂದಿಗೆ ಅಂಗಡಿಗೆ ಒಂದು ಕರಾರು ಇತ್ತು. 'ತಲುಪಿದೆ' ಎಂದು ತೋರಿಸಿದ ಏಳು ದಿನದೊಳಗೆ ಅಂಗಡಿಯವರು ತಕರಾರು ದಾಖಲಿಸಿದರೆ ನಷ್ಟ ಅವರದ್ದು, ತಡವಾದರೆ ಅಂಗಡಿಯದ್ದು. ತಕರಾರಿನ ಗುಂಡಿ ಪುಟದ ಬಲಗಡೆ ಕೆಂಪಗೆ ಇತ್ತು. ಹದಿನಾರರವರೆಗೆ ಸಮಯ. ಬೇರೆ ಯಾರದ್ದಾದರೂ ಆಗಿದ್ದರೆ ಅವಳು ಆ ಕ್ಷಣವೇ ಒತ್ತಿ, ಕ್ಷಮೆ ಕೇಳಿ, ಇನ್ನೊಂದು ಸೀರೆ ಕಳಿಸುವ ಏರ್ಪಾಡು ಮಾಡುತ್ತಿದ್ದಳು.

ಅವಳು ಒತ್ತಲಿಲ್ಲ. ಉತ್ತರ ಬರೆದಳು. ನಮ್ಮ ದಾಖಲೆಯ ಪ್ರಕಾರ ಪಾರ್ಸೆಲನ್ನು ನೀವು ಸ್ವತಃ ಪಡೆದಿದ್ದೀರಿ ಎಂದು ಬರೆದಳು. ಆಮೇಲೆ, ಎಂದೂ ಬರೆಯದ ಒಂದು ಸಾಲು ಸೇರಿಸಿದಳು: 'ದಯವಿಟ್ಟು ಮನೆಯಲ್ಲೊಮ್ಮೆ ಸರಿಯಾಗಿ ಹುಡುಕಿ. ಮಕ್ಕಳನ್ನೂ ಕೇಳಿ ನೋಡಿ.'

ಆ ದಿನ ಅವಳು ಬಹಳ ಚೆನ್ನಾಗಿ ಕೆಲಸ ಮಾಡಿದಳು.

ಮರುದಿನವೇ ಎರಡನೇ ಪತ್ರ ಬಂತು. ಉತ್ತರಕ್ಕಾಗಿ ಧನ್ಯವಾದ ಹೇಳಿ ಆರಂಭವಾಗಿತ್ತು. ಮನೆಯಲ್ಲಿ ಹುಡುಕಿದ್ದೇನೆ, ಇಲ್ಲ. ಕೇಳಬೇಕಾದ ಮಕ್ಕಳು ಮನೆಯಲ್ಲಿಲ್ಲ. ಮಗ ಮೋಕ್ಷಿತ್ ಆ ಹೊತ್ತಿಗೆ ಹೋಟೆಲಿನಲ್ಲಿದ್ದ, ಗರ್ಭಿಣಿ ಸೊಸೆ ಡಾಕ್ಟರ ಬಳಿ ಹೋಗಿದ್ದಳು. ಸೀರೆ ಆ ಸೊಸೆಯ ಸೀಮಂತಕ್ಕೆಂದೇ ತರಿಸಿದ್ದು. ನಾನು ಪಡೆದಿದ್ದೇನೆ ಎನ್ನುವುದಕ್ಕೆ ನಿಮ್ಮಲ್ಲಿ ಸಹಿ, ಫೋಟೋ ಏನಿದೆಯೋ ಅದನ್ನು ತೋರಿಸಬೇಕಾಗಿ ವಿನಂತಿ. 'ಆಧಾರವಿಲ್ಲದೆ ಒಬ್ಬರ ಮಾತನ್ನು ಸುಳ್ಳೆಂದು ಭಾವಿಸುವುದು ನಿಮ್ಮ ಸಂಸ್ಥೆಗೆ ಶೋಭೆಯಲ್ಲ ಎಂದು ಗೌರವದಿಂದಲೇ ತಿಳಿಸುತ್ತೇನೆ.'

ಆ ಕೊನೆಯ ಸಾಲು ಓದಿ ಯಶ್ಮಿತಾಗೆ ನಗು ಬಂತು. ನಗು ನಿಂತ ಮೇಲೆ ಕೆಂಡದಂಥ ಸಿಟ್ಟು. ಫೋಟೋದ ವಿಷಯವನ್ನೇ ಎತ್ತದೆ ಉತ್ತರ ಬರೆದಳು. 'ನಮ್ಮ ಪರಿಶೀಲನೆ ಮುಗಿದಿದೆ. ಈ ಬಗ್ಗೆ ನಾವು ನಿಮ್ಮ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲ. ಮುಂದಕ್ಕೆ ನಮ್ಮಲ್ಲಿ ಖರೀದಿ ಮಾಡುವುದು ಬೇಡ, ಅಷ್ಟೆ.'

ಆ ಸಂಜೆ ಸ್ಕೂಟರಿನಲ್ಲಿ ಕೂಳೂರಿನ ಸೇತುವೆ ದಾಟಿ ಮನೆಗೆ ಬಂದವಳೇ ತಾಯಿಗೆ ಎಲ್ಲವನ್ನೂ ಹೇಳಿದಳು. ಅಮ್ಮ ಬೈಯಬಹುದು, ಹೋಗಲಿ ಬಿಡು ಅನ್ನಬಹುದು ಎಂಬ ಸಣ್ಣ ಅಳುಕಿತ್ತು. ಕುಶಲಾ ಹಾಗೇನೂ ಅನ್ನಲಿಲ್ಲ. ಬೀಡಿಯ ಮೊರವನ್ನು ಬದಿಗೆ ಸರಿಸಿ, ಆ ಎರಡು ಉತ್ತರಗಳನ್ನು ಮತ್ತೊಮ್ಮೆ ಓದಿ ಹೇಳಲು ಹೇಳಿದಳು. ಮಕ್ಕಳನ್ನೂ ಕೇಳಿ ನೋಡಿ ಎಂಬಲ್ಲಿ ಕಣ್ಣು ಮುಚ್ಚಿ ಕೇಳಿದಳು.

"ಕೋಪ ಬಂದಿದೆಯಾ ಅವರಿಗೆ?"

"ಇಲ್ಲಮ್ಮ. ಮರ್ಯಾದೆಯಲ್ಲೇ ಬರೀತಾರೆ."

"ಹಾಗಾದ್ರೆ ಇನ್ನೂ ತಾಗಲಿಲ್ಲ," ಎಂದಳು ಕುಶಲಾ. "ಅವರಿಗೆ ಕೋಪ ಬರಿಸಿ ಎಂತ ಪ್ರಯೋಜನ? ನಾಚಿಕೆ ಆಗ್ಬೇಕು. ನಾನು ಬಸ್ಸಲ್ಲಿ ಸೀಟು ಇದ್ರೂ ಕೂತ್ಕೊಳ್ಳದೆ ಹೋಗ್ತಾ ಇದ್ದೆ, ಪಕ್ಕದವರು ಎಲ್ಲಿ ಚೀಲ ಆಚೆ ಎಳ್ಕೊಳ್ತಾರೋ ಅಂತ. ಅದು ಗೊತ್ತಾಗ್ಬೇಕು."

ಹದಿನಾರು ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ಸಂಜೆ ಹೊರಡುವ ಮೊದಲು ಒಮ್ಮೆ ಯಶ್ಮಿತಾ ಆ ಪುಟ ತೆರೆದು ಕೆಂಪು ಗುಂಡಿಯನ್ನು ನೋಡಿದಳು. ಹದಿನೇಳರ ಬೆಳಿಗ್ಗೆ ಗುಂಡಿ ಬೂದು ಬಣ್ಣಕ್ಕೆ ತಿರುಗಿತ್ತು. ಇನ್ನು ಒತ್ತಿದರೂ ಒತ್ತಿಕೊಳ್ಳದು. ಅಂಗಡಿಗೆ ನಷ್ಟವಾಯಿತು ಎಂದು ಅವಳಿಗೆ ಗೊತ್ತಿತ್ತು. ಶೋಭಿತ್ ಒಳ್ಳೆಯ ಮನುಷ್ಯ, ಅವನಿಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಗೊತ್ತಿತ್ತು. ಅದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬದಿಗಿಟ್ಟಳು.

ಮೂರನೇ ಪತ್ರ ಹದಿನೆಂಟಕ್ಕೆ ಬಂತು. ಅದು ಮೊದಲಿನವುಗಳಿಗಿಂತ ಉದ್ದವಾಗಿತ್ತು, ಒಂದೆರಡು ಕಡೆ ಕಾಗುಣಿತ ತಪ್ಪಿತ್ತು. ಉಮಾವತಿ ಬರೆದಿದ್ದಳು: ನಿಮ್ಮ ಉತ್ತರವನ್ನು ನನ್ನ ಮಗ ಓದಿದ. ಅಂಗಡಿಯವರು ಇಷ್ಟು ಖಚಿತವಾಗಿ ಹೇಳುತ್ತಿರುವಾಗ ನೀನೇ ಎಲ್ಲೋ ಇಟ್ಟು ಮರೆತಿರಬೇಕು ಎಂದ. ಸೊಸೆ ಸಂಚಿತಾ ಒಳ್ಳೆಯವಳು, ನನ್ನ ಎದುರಿಗೆ ಏನೂ ಹೇಳುವುದಿಲ್ಲ. ಆದರೆ ನಾನು ಸ್ನಾನಕ್ಕೆ ಹೋದಾಗ ನನ್ನ ಕಪಾಟು ತೆರೆದು ನೋಡಿದ್ದಾಳೆ, ಬಟ್ಟೆಯ ಮಡಿಕೆ ಬದಲಾಗಿತ್ತು. ಮೊನ್ನೆ ಮಗ ಮರೆವಿನ ಡಾಕ್ಟರರ ಹೆಸರು ವಿಚಾರಿಸುತ್ತಿದ್ದ. ಕಪಾಟಿನ ಬೀಗದ ಕೈಯನ್ನು ತಾನೇ ಇಟ್ಟುಕೊಂಡಿದ್ದಾನೆ. 'ನನ್ನ ಮನೆಯ ವಿಷಯ ನಿಮಗೆ ಬೇಡದ್ದು ಎಂದು ಬಲ್ಲೆ. ನಿಮ್ಮ ಒಂದು ಸಾಲಿನಿಂದ ಏನಾಗಿದೆ ಎಂದು ತಿಳಿಯಲಿ ಎಂದಷ್ಟೇ ಬರೆದೆ. ಇನ್ನು ಮೂರು ದಿನದೊಳಗೆ ನೀವು ಆಧಾರ ತೋರಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇದು ಬೆದರಿಕೆಯಲ್ಲ, ನಾನು ಮಾಡಲಿರುವುದನ್ನು ಮೊದಲೇ ತಿಳಿಸುವುದು ಮರ್ಯಾದೆ.'

ತಾಗಿತು, ಎಂದುಕೊಂಡಳು ಯಶ್ಮಿತಾ. ಬಟ್ಟೆಯ ಮಡಿಕೆಯ ಸಾಲನ್ನು ಮೂರು ಸಲ ಓದಿದಳು. ಅವರದೇ ಮನೆಯಲ್ಲಿ, ಅವರದೇ ಬಟ್ಟೆಗಳ ನಡುವೆ ಇನ್ನೊಬ್ಬರ ಕೈ. ಇಪ್ಪತ್ತೊಂದು ವರ್ಷ ಕಾದದ್ದು ಇದಕ್ಕೇ ಎಂಬಂತೆ ಅವಳಿಗೆ ಸುಖವಾಯಿತು. ಆ ಸುಖದಲ್ಲಿ ಸುಳ್ಳಿರಲಿಲ್ಲ. ಪತ್ರಕ್ಕೆ ಉತ್ತರ ಬರೆಯದೆ ಕಂಪ್ಯೂಟರ್ ಮುಚ್ಚಿದಳು. ಮನೆಯಲ್ಲಿ ಮೂರನೇ ಪತ್ರವನ್ನು ಓದಿ ಹೇಳಿದಾಗ ಕುಶಲಾ ಎಲೆ ಕತ್ತರಿಸುತ್ತಿದ್ದ ಕತ್ತರಿಯನ್ನು ಕೆಳಗಿಟ್ಟಳು. ಆಮೇಲೆ, ಮಗನೇ ನಂಬಲಿಲ್ಲವಾ ಎಂದು ಕೇಳಿದಳು. ನನ್ನನ್ನು ನನ್ನ ಮಕ್ಕಳಾದರೂ ನಂಬಿದ್ದರು ಎಂದು ಹೇಳಿ ಒಲೆಯ ಕಡೆ ಹೋದಳು.

ಹೇಳಿದಂತೆಯೇ ಉಮಾವತಿ ಸಹಾಯವಾಣಿಗೆ ದೂರು ಕೊಟ್ಟಳು. ಇಪ್ಪತ್ತಮೂರಕ್ಕೆ ಅದು ಅಂಗಡಿಗೆ ಬಂತು, ಈ ಸಲ ನೇರ ಶೋಭಿತನ ಹೆಸರಿಗೆ. ಅವನು ಯಶ್ಮಿತಾಳನ್ನು ಕರೆದು ಇದು ಎಂತ ಕಥೆ ಎಂದು ಕೇಳಿದ. ಕೊರಿಯರಿನವರ ಉತ್ತರಕ್ಕೆ ಕಾಯುತ್ತಿದ್ದೇನೆ ಎಂದು ಅವಳು ಸುಳ್ಳು ಹೇಳಿದಳು. ಮೂರು ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ಸುಳ್ಳು. ಅವನು ತಲೆಯಾಡಿಸಿ, ನಾಳೆಯೊಳಗೆ ಮುಗಿಸಿಬಿಡಿ, ಊರಿನವರೇ ದೂರು ಕೊಡುವ ಹಾಗಾದರೆ ಅಂಗಡಿಗೆ ಒಳ್ಳೆಯದಲ್ಲ ಎಂದ.

ಮರುದಿನ ಹನ್ನೊಂದು ಗಂಟೆಗೆ ಉಮಾವತಿ ತಾನೇ ಬಂದಳು.

ಮೆಟ್ಟಿಲು ಹತ್ತಿ ಬಂದ ದಣಿವಿಗೆ ಬಾಗಿಲಲ್ಲಿ ಒಂದು ನಿಮಿಷ ನಿಂತಳು. ಅರವತ್ತನಾಲ್ಕರ ಹೆಂಗಸು, ಇಸ್ತ್ರಿ ಮಾಡಿದ ತಿಳಿ ಬಣ್ಣದ ಹತ್ತಿ ಸೀರೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಯಶ್ಮಿತಾಗೆ ನೆನಪಿದ್ದ ಹೆಂಗಸು ಎತ್ತರವಿದ್ದಳು. ಇವಳು ಅಷ್ಟು ಎತ್ತರವಿರಲಿಲ್ಲ. ಶೋಭಿತ್ ಬ್ಯಾಂಕಿಗೆ ಹೋಗಿದ್ದ. ದೂರಿನ ವಿಷಯ ಯಾರ ಬಳಿ ಮಾತಾಡಬೇಕು ಎಂದು ಉಮಾವತಿ ಕೇಳಿದಾಗ ಪ್ಯಾಕಿಂಗಿನವರು ಯಶ್ಮಿತಾಳ ಮೇಜು ತೋರಿಸಿದರು.

ಯಶ್ಮಿತಾ ಕುಳಿತುಕೊಳ್ಳಿ ಎನ್ನಲಿಲ್ಲ. ಉಮಾವತಿ ನಿಂತೇ ಫೈಲು ತೆರೆದು ಪತ್ರಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲಿಟ್ಟಳು. ಬರೆದದ್ದನ್ನೇ ಮತ್ತೆ ಹೇಳಿದಳು, ಅದೇ ನಿಧಾನದಲ್ಲಿ. ತನಗೆ ಸೀರೆಯೂ ಬೇಡ, ಹಣವೂ ಬೇಡ, ತಾನು ಪಡೆದಿಲ್ಲ ಎಂದು ಒಂದು ಕಾಗದದಲ್ಲಿ ಬರೆದು ಕೊಟ್ಟರೆ ಸಾಕು, ಮಗನಿಗೆ ತೋರಿಸಬೇಕು ಎಂದಳು. ದನಿ ನಡುಗದಂತೆ ನೋಡಿಕೊಳ್ಳುತ್ತಿದ್ದಳು.

"ಮನೆಯಲ್ಲಿ ಸರಿಯಾಗಿ ಹುಡುಕಿದ್ದೀರಾ?" ಎಂದು ಕೇಳಿದಳು ಯಶ್ಮಿತಾ.

"ಹುಡುಕಿ ಆಯ್ತು."

"ಟ್ರಂಕಿನಲ್ಲಿ? ಬಟ್ಟೆಯನ್ನೆಲ್ಲ ಅಂಗಳದಲ್ಲಿ ಹರಡಿ ನೋಡಿದ್ದೀರಾ? ನೆರೆಕರೆಯವರನ್ನು ಕರೆದು?"

ಉಮಾವತಿ ಪತ್ರಗಳಿಂದ ತಲೆಯೆತ್ತಿದಳು. ಎದುರಿಗಿದ್ದವಳ ಮುಖವನ್ನು ಮೊದಲ ಸಲ ನೋಡುವಂತೆ ನೋಡಿದಳು. ಹಣೆ, ಹುಬ್ಬು, ಕೆಳತುಟಿ. ಏನೋ ಹೊಳೆದಂತಾಗಿ, ಮತ್ತೆ ಸರಿಯಾಗಿ ಸಿಕ್ಕದೆ, ನೀವು ಯಾರು ಎಂದು ಕೇಳಿದಳು.

"ಕೂಳೂರಿನ ಕುಶಲಾ ಅವರ ಮಗಳು. ಟ್ರಂಕು ತೆರೆದು ತೋರಿಸಿದವಳು ನಾನೇ."

ಉಮಾವತಿ ಕುರ್ಚಿಯನ್ನು ತಾನೇ ಎಳೆದುಕೊಂಡು ಕುಳಿತಳು. ಪ್ಯಾಕಿಂಗಿನ ಕೋಣೆಯಲ್ಲಿ ಟೇಪು ಹರಿಯುವ ಸದ್ದು ಒಂದೆರಡು ಸಲ ಕೇಳಿ ನಿಂತಿತು. ಯಶ್ಮಿತಾ ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿ ಆ ಫೋಟೋ ತೋರಿಸಿದಳು. ಸಿಮೆಂಟು ನೆಲ, ಹಳದಿ ಪಟ್ಟಿ. ಇದು ಕೊರಿಯರಿನವರ ಗೋದಾಮು, ನಿಮ್ಮ ಪಾರ್ಸೆಲು ಇಲ್ಲಿಂದ ಹೊರಗೇ ಬಂದಿಲ್ಲ ಎಂದು ವಿವರಿಸಿದಳು. ತಕರಾರು ಕೊಡುವ ಸಮಯವನ್ನು ತಾನು ಬೇಕೆಂದೇ ದಾಟಿಸಿದೆ ಎಂಬುದನ್ನೂ ಮುಚ್ಚಿಡಲಿಲ್ಲ.

"ನೀವು ಹೇಳಿದ್ದು ನಿಜ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು," ಎಂದಳು. "ಗೊತ್ತಿದ್ದೇ ಹಾಗೆ ಬರೆದೆ. ಯಾರೂ ಬಾಯಿಬಿಟ್ಟು ಕಳ್ಳಿ ಅನ್ನದೆಯೇ ಕಳ್ಳಿ ಆಗಿಬಿಟ್ರೆ ಹೇಗಿರ್ತದೆ ಅಂತ ನಿಮಗೂ ಗೊತ್ತಾಗ್ಲಿ ಅಂತ."

ಉಮಾವತಿ ಮೇಜಿನ ಮೇಲಿದ್ದ ಪತ್ರಗಳನ್ನು ಒಂದೊಂದಾಗಿ ಫೈಲಿಗೆ ಹಾಕಿದಳು. ಆಮೇಲೆ, ಯಾರೂ ಕೇಳದಿದ್ದರೂ, ಭರಣಿಯ ವಿಷಯ ಹೇಳಿದಳು. ಅದು ಸಿಕ್ಕಿತ್ತು. ಅದೇ ವರ್ಷ ದೀಪಾವಳಿಗೆ ಬ್ಯಾಂಕಿನ ಲಾಕರು ತೆರೆದಾಗ ಒಳಗಿತ್ತು. ಸರ್ವೋತ್ತಮ ಶೆಟ್ಟರೇ ಬೇರೆ ಬೆಳ್ಳಿಯ ಜೊತೆ ತೆಗೆದಿಟ್ಟು ಮರೆತಿದ್ದರು. ಕುಶಲಾಗೆ ಹೇಳಿ ಬರುತ್ತೇನೆ ಎಂದು ಉಮಾವತಿ ಹೊರಟಾಗ, ಈಗ ಹೋಗಿ ಹೇಳಿದರೆ ನಮ್ಮದೇ ಮರ್ಯಾದೆ ಹೋಗುವುದು ಎಂದು ಅವರು ತಡೆದರು.

"ಅವರು ತಡೆದದ್ದು ಒಂದು ದಿನ," ಎಂದಳು ಉಮಾವತಿ. "ಉಳಿದ ದಿನ ನಾನೇ ಬರಲಿಲ್ಲ. ಅವರು ಹೋಗಿಯೂ ಎಂಟು ವರ್ಷ ಆಯ್ತು."

ಯಶ್ಮಿತಾಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಅವಳು ಸಿಟ್ಟಾಗಿದ್ದದ್ದು ತಿಳಿಯದೆ ತಪ್ಪು ಮಾಡಿದ ಒಬ್ಬಳ ಮೇಲೆ. ಈಗ ಎದುರಿಗೆ ಕುಳಿತವಳು ತಿಳಿದವಳು. ಅಮ್ಮ ಬೀಡಿ ಕಟ್ಟುತ್ತಿದ್ದ ಇಪ್ಪತ್ತು ದೀಪಾವಳಿಗಳಲ್ಲೂ ಇವಳಿಗೆ ನಿಜ ತಿಳಿದೇ ಇತ್ತು. ಎದ್ದು ಹೊಡೆದುಬಿಡಬೇಕು ಅನ್ನಿಸಿ, ಮೇಜಿನ ಅಂಚು ಹಿಡಿದುಕೊಂಡಳು.

"ಕಾಗದ ಬೇಕು ಅಂದ್ರಲ್ಲ, ಬರೆದು ಕೊಡ್ತೇನೆ. ಅದಕ್ಕೆ ನೀವು ಎಂತದೂ ಮಾಡ್ಬೇಕಾಗಿಲ್ಲ, ಅದು ನಿಮ್ಮ ಹಕ್ಕು. ಇವತ್ತೇ ನಿಮ್ಮ ಮಗ ನಿಮ್ಮನ್ನು ನಂಬ್ತಾನೆ. ನೀವು ಕಾದದ್ದು ಹದಿನೈದು ದಿನ. ನನ್ನ ಅಮ್ಮ ಇನ್ನೂ ಕಾಯ್ತಾ ಇದ್ದಾಳೆ."

ಅವಳು ಅಂಗಡಿಯ ಹೆಸರಿರುವ ಹಾಳೆಯಲ್ಲಿ ಬರೆದಳು. ಗ್ರಾಹಕರು ಪಾರ್ಸೆಲನ್ನು ಪಡೆದಿಲ್ಲ. ಕೊರಿಯರಿನವರ ದಾಖಲೆ ತಪ್ಪು, ಪೊಟ್ಟಣ ಗೋದಾಮಿನಿಂದಲೇ ಕಾಣೆಯಾಗಿದೆ. ನಮ್ಮ ಹಿಂದಿನ ಎರಡು ಉತ್ತರಗಳು ಸರಿಯಲ್ಲ, ಅವುಗಳನ್ನು ಹಿಂತೆಗೆದುಕೊಂಡು ಕ್ಷಮೆ ಕೋರುತ್ತೇವೆ. ಅದೇ ಸೀರೆ ಇನ್ನೊಂದು ಇದೆ, ಬೇಡವೆಂದರೆ ಹಣ ಹಿಂತಿರುಗಿಸಲಾಗುವುದು. ಫೋಟೋವನ್ನೂ ಮುದ್ರಿಸಿ ಜೊತೆಗೆ ಪಿನ್ನು ಹಾಕಿದಳು. ಈ ಸಲ ಕೆಳಗೆ ತನ್ನ ಹೆಸರನ್ನೇ ಬರೆದು ಸಹಿ ಹಾಕಿದಳು.

ಉಮಾವತಿ ಅದನ್ನು ನಿಂತು ಓದಿದಳು. ಓದಿ ಮಡಚಿ ಫೈಲಿನಲ್ಲಿಟ್ಟಳು. ಹೋಗುವಾಗ ಏನೋ ಹೇಳಲು ತಿರುಗಿದಳು, ಯಶ್ಮಿತಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೆಟ್ಟಿಲು ಇಳಿಯುವ ಸದ್ದು ಪೂರ್ತಿ ನಿಂತ ಮೇಲಷ್ಟೇ ಅವಳು ಬಾಗಿಲ ಕಡೆ ನೋಡಿದಳು.

ಶೋಭಿತ್ ಬ್ಯಾಂಕಿನಿಂದ ಬಂದ ಕೂಡಲೇ ಅವಳು ಅವನ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವನು ಸಿಟ್ಟಾದ. ನಿಮ್ಮ ಅಮ್ಮನಿಗೆ ಆದದ್ದು ಅನ್ಯಾಯವೇ, ಆದರೆ ನನ್ನ ಅಂಗಡಿಯ ಹೆಸರಲ್ಲಿ ತೀರಿಸಿಕೊಂಡಿರಲ್ಲ, ಅದು ಸರಿಯಾ ಎಂದು ಕೇಳಿದ. ಸರಿಯಲ್ಲ ಎಂದು ಅವಳು ಒಪ್ಪಿದಳು. ಸಹಾಯವಾಣಿಗೆ ತಾನೇ ಉತ್ತರ ಬರೆದು ಕಳಿಸಿದ ಅವನು, ದೂರಿನ ಕೆಲಸವನ್ನು ಆ ದಿನದಿಂದಲೇ ಬೇರೆಯವಳಿಗೆ ಕೊಟ್ಟು, ಯಶ್ಮಿತಾಳನ್ನು ಪ್ಯಾಕಿಂಗಿಗೆ ಹಾಕಿದ. ಕೆಲಸದಿಂದ ತೆಗೆಯಲಿಲ್ಲ. ಟೇಪು ಹರಿಯುತ್ತಾ ನಿಂತಾಗ, ಹೀಗಾಗುತ್ತದೆಂದು ಮೊದಲೇ ತಿಳಿದಿದ್ದರೂ ಇದನ್ನೇ ಮಾಡುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು. ಪಶ್ಚಾತ್ತಾಪಕ್ಕೆಂದು ಒಳಗೆ ಹುಡುಕಿ ನೋಡಿದಳು. ಶೋಭಿತನ ಮಟ್ಟಿಗೆ ಸ್ವಲ್ಪ ಇತ್ತು, ಉಮಾವತಿಯ ಮಟ್ಟಿಗೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕೂಳೂರಿನ ಓಣಿಯ ತುದಿಯಲ್ಲಿ ಆಟೋ ನಿಂತಿತು. ಉಮಾವತಿ ಒಬ್ಬಳೇ ಇಳಿದು, ಎರಡು ಮನೆಗಳಲ್ಲಿ ದಾರಿ ಕೇಳಿಕೊಂಡು ಬಂದಳು. ದಾರಿ ಹೇಳಿದವರು ಸುಮ್ಮನೆ ಒಳಗೆ ಹೋಗಲಿಲ್ಲ. ಪಕ್ಕದ ಮನೆಯ ಗೆರ್ಟ್ರೂಡ್ ಬಾಯಿ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಆಗಷ್ಟೇ ಮರಳಿ, ಕಾಂಪೌಂಡಿನ ಬಳಿ ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಿದ್ದವಳು, ಪೈಪು ಕೆಳಗಿಟ್ಟಳು.

ಕುಶಲಾ ಜಗಲಿಯಲ್ಲಿ ಬೀಡಿಯ ಮೊರ ಮುಂದಿಟ್ಟು ಕುಳಿತಿದ್ದಳು. ಅಂಗಳಕ್ಕೆ ಬಂದವಳನ್ನು ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಏಳಲಿಲ್ಲ. ಬನ್ನಿ ಅನ್ನಲಿಲ್ಲ. ಯಾರೇ ಬಂದರೂ ಮೊದಲು ಬೆಲ್ಲ ನೀರು ತಂದಿಡುವ ಮನೆ ಅದು. ಯಶ್ಮಿತಾ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿದಾಗ ಕುಶಲಾ ಕೈಯೆತ್ತಿ ತಡೆದಳು.

ಉಮಾವತಿ ಬಿಸಿಲಲ್ಲೇ ನಿಂತು, ತಗ್ಗಿದ ದನಿಯಲ್ಲಿ, ಭರಣಿ ಮನೆಯದೇ ಲಾಕರಿನಲ್ಲಿ ಸಿಕ್ಕಿತ್ತು, ನಿನ್ನ ತಪ್ಪಿರಲಿಲ್ಲ ಎಂದಳು.

"ಕೇಳುವುದಿಲ್ಲ," ಎಂದಳು ಕುಶಲಾ.

ಉಮಾವತಿ ಮತ್ತೊಮ್ಮೆ ಹೇಳಿದಳು.

"ನನಗೆ ಕೇಳ್ತದೆ ಉಮಕ್ಕ. ಗೆರ್ಟ್ರೂಡ್ ಬಾಯಿಗೆ ಕಿವಿ ಸ್ವಲ್ಪ ಮಂದ. ಅವತ್ತು ಅವರೂ ಇಲ್ಲೇ ನಿಂತಿದ್ರು. ಆಚೆ ಮನೆಯವರೂ ಇದ್ರು. ಎಲ್ಲರಿಗೂ ಕೇಳುವ ಹಾಗೆ ಹೇಳಿ."

ಉಮಾವತಿ ಕಾಂಪೌಂಡಿನ ಕಡೆ ನೋಡಿದಳು. ಅಲ್ಲಿ ಐದಾರು ತಲೆಗಳಿದ್ದವು. ಅವಳ ಕುತ್ತಿಗೆ ಕೆಂಪಾಯಿತು. ಜನ್ಮದಲ್ಲಿ ದನಿ ಏರಿಸದವಳು ದನಿ ಏರಿಸಲು ಪಟ್ಟ ಪಾಡನ್ನು ಯಶ್ಮಿತಾ ಬಾಗಿಲಿಗೆ ಒರಗಿ ನಿಂತು ನೋಡಿದಳು. ಮೊದಲ ಸಲ ಸ್ವರ ಒಡೆಯಿತು. ಎರಡನೇ ಸಲ ಓಣಿಯ ತುದಿಯವರೆಗೂ ಕೇಳಿಸಿತು. ಕುಶಲಾ ಕದ್ದಿರಲಿಲ್ಲ. ನಾವು ತಪ್ಪು ಮಾಡಿದೆವು. ನನಗೆ ಗೊತ್ತಾದ ಮೇಲೂ ಬಂದು ಹೇಳಲಿಲ್ಲ.

ಗೆರ್ಟ್ರೂಡ್ ಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಟ್ರಂಕು ತೆರೆದ ದಿನ ಬೇಲಿಯಾಚೆಯಿಂದ ಮೊದಲು ಇಣುಕಿದವಳು ಅವಳೇ ಆಗಿದ್ದಳು.

ಉಮಾವತಿ ಚೀಲದಿಂದ ಸೀಮಂತದ ಆಮಂತ್ರಣ ತೆಗೆದು, ಮುಂದಿನ ಭಾನುವಾರ ತಾಯಿ ಮಗಳು ಇಬ್ಬರೂ ಬರಬೇಕು ಎಂದು ಕೇಳಿಕೊಂಡಳು. ಕುಶಲಾ ಅದನ್ನು ಕೈಯಲ್ಲಿ ತೆಗೆದುಕೊಳ್ಳಲಿಲ್ಲ. ನಿಮ್ಮ ಸೊಸೆಗೂ ಮಗುವಿಗೂ ಒಳ್ಳೆಯದಾಗಲಿ, ನಾನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದಳು. ದನಿಯಲ್ಲಿ ಒರಟಿರಲಿಲ್ಲ. ಉಮಾವತಿ ಇನ್ನೊಂದು ಮಾತಿಗಾಗಿ ಸ್ವಲ್ಪ ಕಾದು, ಅದು ಬಾರದೆಂದು ತಿಳಿದು, ಬಂದ ದಾರಿಯಲ್ಲೇ ನಡೆದು ಹೋದಳು. ಆಟೋ ಕಾದಿರಲಿಲ್ಲ. ಹೆದ್ದಾರಿಯವರೆಗೆ ಬಿಸಿಲಲ್ಲಿ ನಡೆದೇ ಹೋಗಬೇಕಾಯಿತು.

ನೀರಾದರೂ ಕೊಡಬಹುದಿತ್ತಾ ಅಮ್ಮ, ಎಂದು ಯಶ್ಮಿತಾ ಆಮೇಲೆ ಕೇಳಿದಳು. ಮುಂದಿನ ಸಲ ಬಂದರೆ ಕೊಡೋಣ ಎಂದಳು ಕುಶಲಾ. ಮಧ್ಯಾಹ್ನ ಬಂಗುಡೆ ಸಾರಿನಲ್ಲಿ ಎರಡು ಸಲ ಅನ್ನ ಬಡಿಸಿಕೊಂಡು ಉಂಡಳು. ಒಂದಿಷ್ಟು ಹೊತ್ತು ನಿದ್ದೆ ಮಾಡಿದಳು.

ನಾಲ್ಕು ಗಂಟೆಗೆ ಎದ್ದು ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು, ಬೆಳಿಗ್ಗೆ ಓಣಿಯ ಮನೆಗಳಲ್ಲಿ ಇಲ್ಲದಿದ್ದವರು ಯಾರ್ಯಾರು ಎಂದು ಮಗಳನ್ನು ಕೇಳಿದಳು. ಮೂರು ಮನೆಯವರು ಮದುವೆಗೆ ಹೋಗಿ ಮರಳಿದ್ದರು, ಶರೀಫಾ ಮಗಳ ಮನೆಯಿಂದ ಈಗಷ್ಟೇ ಬಂದಿದ್ದಳು. ಕುಶಲಾ ಚಪ್ಪಲಿ ಮೆಟ್ಟಿ ಹೊರಟಳು. ಮೊದಲು ಶರೀಫಾಳ ಮನೆ, ಆಮೇಲೆ ಉಳಿದವು. ಒಂದೊಂದು ಮನೆಯಲ್ಲೂ ಕುಳಿತು, ಚಹಾ ಕುಡಿದು, ಮೊದಲಿನಿಂದ ಕೊನೆಯವರೆಗೆ ಹೇಳಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಳು.